ಆರು ಪೀರಿಯಡ್‌ಗಳ ಹಾಕಿ ಪಾಠ: ಡ್ರಿಬಲ್, ಸ್ಟಾಪ್, ಆಮೇಲೆ ಪುಶ್

ಕೊಡಗಿನ ಪ್ರೌಢಶಾಲೆಯೊಂದರ ಎಂಟನೇ ತರಗತಿಗೆ ಹಾಕಿ ಕಲಿಸಲು ಹೊರಟ ದೈಹಿಕ ಶಿಕ್ಷಕರಿಗೆ ಮೊದಲ ದಿನವೇ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಮೂವತ್ತಾರು ಮಕ್ಕಳಲ್ಲಿ ಆರೇಳು ಮಂದಿ ನಡೆಯಲು ಕಲಿತ ಕೆಲವೇ ವರ್ಷಗಳಲ್ಲಿ ಸ್ಟಿಕ್ ಹಿಡಿದವರು. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡ ಗ್ರಾಮದಲ್ಲಿ ಆರಂಭಿಸಿದ ಕೊಡವ ಕುಟುಂಬಗಳ ಹಾಕಿ ಪಂದ್ಯಾವಳಿಯಲ್ಲಿ ಅಜ್ಜ, ಅತ್ತೆ, ಮೊಮ್ಮಗ ಒಂದೇ ತಂಡದಲ್ಲಿ ಆಡುವುದನ್ನು ನೋಡುತ್ತಲೇ ಬೆಳೆದ ಮಕ್ಕಳು ಇವರು. ಅದೇ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತ ಮಗು ಹಾಕಿ ಸ್ಟಿಕ್ಕನ್ನು ಮುಟ್ಟಿಯೇ ಇರುವುದಿಲ್ಲ. ಉಳಿದವರು ಇವರಿಬ್ಬರ ನಡುವೆ ಎಲ್ಲೋ ಇರುತ್ತಾರೆ. ಇಂಥ ತರಗತಿಗೆ ಡ್ರಿಬಲ್, ಪುಶ್ ಪಾಸ್ ಮತ್ತು ಚೆಂಡು ನಿಲ್ಲಿಸುವ ಕೌಶಲಗಳನ್ನು ನಲವತ್ತು ನಿಮಿಷದ ಆರು ಪೀರಿಯಡ್‌ಗಳಲ್ಲಿ ಯಾವ ಕ್ರಮದಲ್ಲಿ ಕಲಿಸಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ. ಶಾಲೆಯಲ್ಲಿ ಹದಿನೆಂಟು ಸ್ಟಿಕ್, ಅಷ್ಟೇ ಚೆಂಡು ಮತ್ತು ಒಂದು ಮಣ್ಣಿನ ಮೈದಾನ ಇವೆ ಎಂದು ಇಟ್ಟುಕೊಳ್ಳೋಣ.

ಕ್ರಮದ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಖಚಿತವಾಗಿಯೇ ಇದೆ. ಡ್ರಿಬಲ್ ಆದ ಮೇಲೆ ಪಾಸ್, ಪಾಸ್ ಆದ ಮೇಲೆ ಸ್ಟಾಪ್ ಎಂದು ಸಾಮಾನ್ಯವಾಗಿ ಕಲಿಸುತ್ತಾರೆ. ಸ್ಟಾಪನ್ನು ಪಾಸ್‌ನ ಬಾಲದಂತೆ ಎರಡು ಮಾತಿನಲ್ಲಿ ಹೇಳಿ ಮುಗಿಸುವವರೂ ಇದ್ದಾರೆ. ಆದರೆ ಜೋಡಿಯಲ್ಲಿ ಪುಶ್ ಅಭ್ಯಾಸ ಮಾಡುವಾಗ ಎದುರಿನ ಮಗುವಿಗೆ ಚೆಂಡು ನಿಲ್ಲಿಸಲು ಬಾರದಿದ್ದರೆ, ಪ್ರತಿ ಪಾಸ್‌ನ ಬಳಿಕ ಒಬ್ಬರು ಮೈದಾನದ ಬೇಲಿಯವರೆಗೆ ಓಡಿ ಚೆಂಡು ತರಬೇಕಾಗುತ್ತದೆ. ಹತ್ತು ನಿಮಿಷದಲ್ಲಿ ಏಳೆಂಟು ಪಾಸ್ ಕೂಡ ಆಗುವುದಿಲ್ಲ. ಆದ್ದರಿಂದ ಸ್ಟಾಪ್ ಮೊದಲು ಬರಬೇಕು, ಪುಶ್ ಅದರ ನಂತರ. ಸ್ಟಿಕ್‌ಗೂ ಕೈಗೂ ಪರಿಚಯ ಬೆಳೆಯಲೆಂದು ಡ್ರಿಬಲ್ ಎಲ್ಲಕ್ಕಿಂತ ಮುಂಚೆ ಇರುತ್ತದೆ.

ಮೊದಲ ಪೀರಿಯಡ್ ಹಿಡಿತಕ್ಕೆ ಮತ್ತು ನೇರ ಡ್ರಿಬಲ್‌ಗೆ ಮೀಸಲು. ಹಾಕಿ ಸ್ಟಿಕ್‌ಗೆ ಒಂದೇ ಚಪ್ಪಟೆ ಬದಿ ಇದೆ, ಇನ್ನೊಂದು ಬದಿ ಉಬ್ಬಿದೆ, ಉಬ್ಬಿದ ಬದಿಯಿಂದ ಚೆಂಡು ಆಡಿದರೆ ಫೌಲ್. ಈ ಒಂದು ನಿಯಮವೇ ಹಿಡಿತದ ಇಡೀ ರೀತಿಯನ್ನು ನಿರ್ಧರಿಸುತ್ತದೆ ಎಂದು ಮಕ್ಕಳಿಗೆ ಮೊದಲೇ ಹೇಳಬೇಕು. ಚೆಂಡಿನ ಎಡಬದಿಗೆ ಹೋಗಬೇಕಾದರೂ ಬಲಬದಿಗೆ ಬರಬೇಕಾದರೂ ಚಪ್ಪಟೆ ಮುಖವೇ ಚೆಂಡಿಗೆ ತಾಗುವಂತೆ ಸ್ಟಿಕ್ ತಿರುಗಬೇಕು, ಆ ತಿರುಗಿಸುವ ಕೆಲಸ ಎಡಗೈಯದು. ಎಡಗೈ ಹಿಡಿಯ ತುತ್ತತುದಿಯಲ್ಲಿರುತ್ತದೆ, ಬಲಗೈ ಅದಕ್ಕಿಂತ ಒಂದು ಗೇಣಿನಷ್ಟೋ ಅದಕ್ಕೂ ತುಸು ಹೆಚ್ಚೋ ಕೆಳಗೆ ಇರುತ್ತದೆ. ಬಲಗೈಯ ಬೆರಳುಗಳು ಕೊಳವೆಯಂತೆ ಸಡಿಲವಾಗಿ ಸುತ್ತಿಕೊಂಡಿರಬೇಕೇ ಹೊರತು ಹಿಸುಕಬಾರದು. ಇದನ್ನು ಪರೀಕ್ಷಿಸಲು ಸುಲಭದ ಉಪಾಯವಿದೆ. ಬೀಗದ ಕೀ ತಿರುಗಿಸಿದಂತೆ ಎಡಗೈಯಿಂದ ಸ್ಟಿಕ್ಕನ್ನು ಅರ್ಧ ಸುತ್ತು ತಿರುಗಿಸಲು ಹೇಳಿ. ಬಲಗೈಯೂ ಜೊತೆಗೆ ಸುತ್ತಿದರೆ ಹಿಡಿತ ಬಿಗಿ, ಬಲಗೈ ನಿಂತಲ್ಲೇ ಇದ್ದು ಅದರೊಳಗೆ ಸ್ಟಿಕ್ ತಿರುಗಿದರೆ ಸರಿ.

ಇಲ್ಲಿ ಎಡಚ ಮಕ್ಕಳ ಪ್ರಶ್ನೆ ಬಂದೇ ಬರುತ್ತದೆ. ಎಡಗೈಯವರಿಗೆಂದು ತಿರುವಿದ ಮುಖದ ಸ್ಟಿಕ್‌ಗೆ ಆಟದ ನಿಯಮದಲ್ಲಿ ಅವಕಾಶವಿಲ್ಲ, ಎಲ್ಲರೂ ಒಂದೇ ಬಗೆಯ ಸ್ಟಿಕ್‌ನಿಂದ ಆಡಬೇಕು. ಇದು ಅನ್ಯಾಯವೆಂದು ಮಕ್ಕಳಿಗೆ ಅನ್ನಿಸುವುದು ಸಹಜ, ಆದರೆ ಸ್ಟಿಕ್ಕನ್ನು ಆಳುವ ಕೈ ಮೇಲಿನ ಎಡಗೈಯೇ ಆಗಿರುವುದರಿಂದ ಅವರಿಗೆ ನಷ್ಟವೇನೂ ಇಲ್ಲ. ತಾನೇ ತಾನಾಗಿ ಬಲಗೈ ಮೇಲಿಟ್ಟು ಹಿಡಿದುಬಿಡುವ ಮಕ್ಕಳು ಎಡಚರಲ್ಲೂ ಇರುತ್ತಾರೆ, ಕ್ರಿಕೆಟ್ ಆಡುವ ಬಲಗೈಯವರಲ್ಲೂ ಇರುತ್ತಾರೆ. ಅವರನ್ನು ಮೊದಲ ಐದು ನಿಮಿಷದಲ್ಲೇ ಗುರುತಿಸಿ ಸರಿಪಡಿಸದಿದ್ದರೆ ಆರನೇ ಪೀರಿಯಡ್‌ವರೆಗೂ ಅದೇ ಉಳಿಯುತ್ತದೆ. ಇನ್ನೊಂದು ತೊಡಕು ಸ್ಟಿಕ್‌ನ ಉದ್ದದ್ದು. ಶಾಲೆಯ ಉಗ್ರಾಣದಲ್ಲಿರುವ ಸ್ಟಿಕ್‌ಗಳು ಹೆಚ್ಚಾಗಿ ದೊಡ್ಡವರ ಅಳತೆಯವು. ಗಿಡ್ಡ ಮಗು ಬಾಗಿದಾಗ ಹಿಡಿಯ ತುದಿ ಹೊಟ್ಟೆಗೆ ಚುಚ್ಚುತ್ತದೆ, ಮಗು ನೆಟ್ಟಗೆ ನಿಂತುಬಿಡುತ್ತದೆ. ಅಂಥವರು ತುದಿಯಿಂದ ನಾಲ್ಕು ಬೆರಳು ಕೆಳಗೆ ಹಿಡಿದರೆ ಸಾಕು.

ಡ್ರಿಬಲ್‌ಗೆ ಹದಿನೈದು ಮೀಟರ್ ಉದ್ದ, ಅಷ್ಟೇ ಅಗಲದ ಚೌಕವೊಂದನ್ನು ಸುಣ್ಣದಲ್ಲಿ ಎಳೆದು, ಹದಿನೆಂಟು ಮಂದಿಯನ್ನು ಒಂದೊಂದು ಚೆಂಡಿನೊಂದಿಗೆ ಒಳಗೆ ಬಿಡಬೇಕು. ಉಳಿದ ಹದಿನೆಂಟು ಮಂದಿ ಗೆರೆಯ ಮೇಲೆ ನಿಂತು ತಮ್ಮ ಜೊತೆಗಾರರನ್ನು ಗಮನಿಸಬೇಕು. ಸಾಲು ಕಟ್ಟಿ ಒಬ್ಬೊಬ್ಬರನ್ನೇ ಕಳುಹಿಸುವ ಪದ್ಧತಿಯನ್ನು ಕೈಬಿಡುವುದಕ್ಕೆ ಲೆಕ್ಕವೇ ಕಾರಣ. ಒಂಬತ್ತು ಮಂದಿಯ ನಾಲ್ಕು ಸಾಲು ಮಾಡಿ, ಪ್ರತಿ ಸರದಿಗೆ ಇಪ್ಪತ್ತು ಸೆಕೆಂಡ್ ಹಿಡಿದರೆ, ಹನ್ನೆರಡು ನಿಮಿಷದಲ್ಲಿ ಒಂದು ಮಗುವಿಗೆ ನಾಲ್ಕು ಸರದಿ, ಅಂದರೆ ಎಂಬತ್ತು ಸೆಕೆಂಡ್ ಮಾತ್ರ ಚೆಂಡು ಸಿಗುತ್ತದೆ. ಚೌಕದಲ್ಲಿ ಅದೇ ಹನ್ನೆರಡು ನಿಮಿಷಕ್ಕೆ ಪ್ರತಿಯೊಬ್ಬರಿಗೂ ಆರು ನಿಮಿಷ ಸಿಗುತ್ತದೆ.

ಚೆಂಡು ದೇಹದ ನೇರ ಮುಂದೆ ಅಲ್ಲ, ತುಸು ಬಲಕ್ಕೆ, ಬಲಪಾದದ ಮುಂದಕ್ಕೆ ಇರಬೇಕು. ದೇಹವನ್ನು ಗಡಿಯಾರದ ನಡುವೆ ನಿಲ್ಲಿಸಿದರೆ ಚೆಂಡು ಒಂದು ಗಂಟೆಯ ಜಾಗದಲ್ಲಿರುತ್ತದೆ ಎಂದರೆ ಮಕ್ಕಳಿಗೆ ಬೇಗ ಹೊಳೆಯುತ್ತದೆ. ಹೊಸಬರು ಸ್ಟಿಕ್ಕನ್ನು ಚೆಂಡಿಗೆ ಅಂಟಿಸಿಯೇ ನಡೆಯಲಿ. ಸ್ವಲ್ಪ ಬಲ್ಲವರು ಚಿಕ್ಕ ತಟ್ಟುಗಳಲ್ಲಿ ಓಡಲಿ, ಆದರೆ ಚೆಂಡು ಒಂದು ಸ್ಟಿಕ್‌ನ ಉದ್ದಕ್ಕಿಂತ ಮುಂದೆ ಹೋಗಬಾರದು. ಚೆನ್ನಾಗಿ ಬಲ್ಲವರಿಗೆ ಸ್ಟಿಕ್ಕನ್ನು ಚೆಂಡಿನ ಮೇಲಿಂದ ತಿರುಗಿಸುತ್ತ ಎಡಕ್ಕೂ ಬಲಕ್ಕೂ ಆಡಿಸುವ, ಹೊರದೇಶಗಳಲ್ಲಿ ಇಂಡಿಯನ್ ಡ್ರಿಬಲ್ ಎಂದೇ ಹೆಸರಾದ ಬಗೆಯನ್ನು ಕೊಡಬಹುದು. ಮೂರೂ ಕೆಲಸಗಳು ಒಂದೇ ಚೌಕದಲ್ಲಿ ನಡೆಯುವುದರಿಂದ ಯಾರು ಯಾವ ಮಟ್ಟದವರೆಂದು ಬೇರೆ ಗುಂಪು ಮಾಡಿ ಸಾರುವ ಅಗತ್ಯವೇ ಬೀಳುವುದಿಲ್ಲ. ಶಿಕ್ಷಕರು ಆಗಾಗ ಕೈ ಎತ್ತಿ ಬೆರಳು ತೋರಿಸಬೇಕು, ಮಕ್ಕಳು ಎಷ್ಟೆಂದು ಕೂಗಬೇಕು. ಕುಟುಂಬದ ಪಂದ್ಯಗಳಲ್ಲಿ ಆಡಿದ ಮಕ್ಕಳೂ ಇಲ್ಲಿ ಎಡವುತ್ತಾರೆ, ಏಕೆಂದರೆ ಕೈ ಚುರುಕಾಗಿದ್ದರೂ ಕಣ್ಣು ಚೆಂಡಿನಿಂದ ಮೇಲೇಳುವುದಿಲ್ಲ.

ಎರಡನೇ ಪೀರಿಯಡ್ ಪೂರ್ತಿಯಾಗಿ ಚೆಂಡು ನಿಲ್ಲಿಸುವುದಕ್ಕೆ. ಹದಿನೆಂಟು ಜೋಡಿ ಮಾಡಿ, ಒಬ್ಬರಿಗೆ ಸ್ಟಿಕ್, ಇನ್ನೊಬ್ಬರಿಗೆ ಚೆಂಡು ಕೊಡಬೇಕು. ಚೆಂಡು ಹಿಡಿದವರು ನಾಲ್ಕು ಮೀಟರ್ ದೂರದಿಂದ ಮೊಣಕಾಲು ಬಗ್ಗಿಸಿ, ಗೋಲಿ ಉರುಳಿಸಿದಂತೆ ಕೈಯಿಂದಲೇ ನೆಲದ ಮೇಲೆ ಉರುಳಿಸಬೇಕು. ಇದರಿಂದ ಸ್ಟಿಕ್ ಕೊರತೆ ನೀಗುವುದಷ್ಟೇ ಅಲ್ಲ, ಅದಕ್ಕಿಂತ ದೊಡ್ಡ ಲಾಭವೊಂದಿದೆ: ಹೊಸಬರ ಕೈಯಿಂದ ಬರುವ ಚೆಂಡು ಅವರ ಸ್ಟಿಕ್‌ನಿಂದ ಬರುವ ಚೆಂಡಿಗಿಂತ ಎಷ್ಟೋ ನೇರವಾಗಿ, ಒಂದೇ ವೇಗದಲ್ಲಿ ಬರುತ್ತದೆ. ನಿಲ್ಲಿಸುವುದನ್ನು ಕಲಿಯುವ ಮಗುವಿಗೆ ಪದೇ ಪದೇ ಒಂದೇ ಬಗೆಯ ಚೆಂಡು ಸಿಗಬೇಕು. ಕೆಲವರು ಭಯ ಕಡಿಮೆಯಾಗಲೆಂದು ಟೆನಿಸ್ ಚೆಂಡು ಕೊಡುತ್ತಾರೆ. ನಾನು ಅದನ್ನು ಒಪ್ಪುವುದಿಲ್ಲ. ಹಾಕಿ ಚೆಂಡಿನ ತೂಕ 156ರಿಂದ 163 ಗ್ರಾಂ, ಟೆನಿಸ್ ಚೆಂಡು ಅದರ ಅರ್ಧಕ್ಕಿಂತಲೂ ಹಗುರ, ಹೇಗೆ ಹಿಡಿದರೂ ಅದು ಸ್ಟಿಕ್‌ನಿಂದ ಪುಟಿಯುತ್ತದೆ, ಮಗು ಸರಿಯಾಗಿ ಮಾಡಿದರೂ ತಪ್ಪಾಯಿತೆಂದುಕೊಳ್ಳುತ್ತದೆ.

ನಿಲ್ಲಿಸುವ ಭಂಗಿಯಲ್ಲಿ ಮೊಣಕಾಲು ಬಾಗಿರಬೇಕು, ಚೆಂಡು ಬರುವ ದಾರಿಗೆ ಕಾಲುಗಳು ಮೊದಲೇ ಸರಿದಿರಬೇಕು, ಸ್ಟಿಕ್‌ನ ತಲೆ ಬಲಪಾದದ ಮುಂದೆ ನೆಲಕ್ಕೆ ತಾಗಿರಬೇಕು. ಎಲ್ಲಕ್ಕಿಂತ ಮುಖ್ಯವಾದುದು ಹಿಡಿಯ ಓರೆ. ಕೈಗಳು ಸ್ಟಿಕ್‌ನ ತಲೆಗಿಂತ ಮುಂದೆ, ಬರುವ ಚೆಂಡಿನ ಕಡೆಗೆ ತುಸು ವಾಲಿದ್ದರೆ ಚೆಂಡು ನೆಲಕ್ಕೂ ಸ್ಟಿಕ್‌ಗೂ ನಡುವಿನ ಸಂದಿಯಲ್ಲಿ ಸಿಕ್ಕಿಬಿದ್ದು ನಿಲ್ಲುತ್ತದೆ. ಹಿಡಿ ಹಿಂದಕ್ಕೆ, ಮಗುವಿನ ಹೊಟ್ಟೆಯ ಕಡೆಗೆ ವಾಲಿದರೆ ಸ್ಟಿಕ್ ಒಂದು ಇಳಿಜಾರಾಗಿ, ಚೆಂಡು ಅದರ ಮೇಲೆ ಹತ್ತಿ ಮುಖದ ಕಡೆಗೆ ಏಳುತ್ತದೆ. ಇಡೀ ಪಾಠದಲ್ಲಿ ನಿಜವಾಗಿ ಅಪಾಯ ತರುವ ತಪ್ಪು ಇದೊಂದೇ ಎಂದರೂ ನಡೆಯುತ್ತದೆ. ಚೆಂಡು ತಾಗುವ ಕ್ಷಣದಲ್ಲಿ ಬಲಗೈ ಸಡಿಲವಾಗಿ ತುಸು ಹಿಂದಕ್ಕೆ ಬಿಟ್ಟುಕೊಡಬೇಕು. ಮೇಲಿಂದ ಎಸೆದ ಕೋಳಿಮೊಟ್ಟೆಯನ್ನು ಕೈ ಇಳಿಸುತ್ತ ಹಿಡಿಯುವುದನ್ನು ನೆನಪಿಸಿದರೆ ಈ ಬಿಟ್ಟುಕೊಡುವಿಕೆ ಅರ್ಥವಾಗುತ್ತದೆ.

ಕಲಿಕೆಯ ಮಟ್ಟ ಬೇರೆಬೇರೆಯಾಗಿರುವ ತರಗತಿಯಲ್ಲಿ ಒಬ್ಬ ಶಿಕ್ಷಕರು ಹದಿನೆಂಟು ಜೋಡಿಗಳ ತಪ್ಪು ತಿದ್ದಲಾರರು. ಆದರೆ ನಿಲ್ಲದ ಚೆಂಡು ಯಾವ ಕಡೆ ಹೋಯಿತು ಎಂಬುದೇ ಏನು ತಪ್ಪಾಯಿತೆಂದು ಹೇಳುತ್ತದೆ, ಮತ್ತು ಉರುಳಿಸುವ ಮಗು ಅದನ್ನು ಎದುರಿನಿಂದಲೇ ನೋಡುತ್ತಿರುತ್ತದೆ. ಚೆಂಡು ತನ್ನತ್ತಲೇ ಒಂದು ಮೀಟರ್ ಮರಳಿ ಬಂದರೆ ಹಿಡಿತ ಬಿಗಿಯಾಗಿದೆ, ಅಥವಾ ಸ್ಟಿಕ್ ಚೆಂಡನ್ನು ಎದುರಿಸಲು ಮುಂದಕ್ಕೆ ಬೀಸಿದೆ. ಮೇಲೆದ್ದರೆ ಹಿಡಿ ಹಿಂದಕ್ಕೆ ವಾಲಿದೆ. ಪಕ್ಕಕ್ಕೆ ಜಾರಿದರೆ ಸ್ಟಿಕ್‌ನ ಮುಖ ಆ ಪಕ್ಕಕ್ಕೆ ತಿರುಗಿದೆ. ಸ್ಟಿಕ್‌ಗೆ ತಾಗದೆ ಕಾಲಿಗೆ ಬಡಿದರೆ ಕಾಲು ಸರಿಯಲು ತಡವಾಗಿದೆ. ಈ ನಾಲ್ಕು ಗುರುತುಗಳನ್ನು ಆರಂಭದಲ್ಲೇ ಎಲ್ಲರಿಗೂ ತೋರಿಸಿಕೊಟ್ಟರೆ ಆಡಲು ಬಾರದ ಮಗುವೂ ಬಲ್ಲ ಮಗುವನ್ನು ತಿದ್ದುವಂತಾಗುತ್ತದೆ. ‘ನಿನ್ನ ಹಿಡಿ ಹಿಂದೆ ವಾಲ್ತಿದೆ ಕಣೋ’ ಎಂದು ಮೊದಲ ಬಾರಿ ಮೈದಾನಕ್ಕಿಳಿದ ಹುಡುಗಿಯೊಬ್ಬಳು, ಆರು ವರ್ಷದಿಂದ ಆಡುತ್ತಿರುವ ಹುಡುಗನಿಗೆ ಹೇಳಿದಾಗ ಅವನಿಗೆ ಸಿಟ್ಟು ಬಂದದ್ದನ್ನೂ, ಮರುಚೆಂಡಿಗೆ ಅವನು ಕೈ ಮುಂದೆ ತಂದದ್ದನ್ನೂ ನಾನು ನೋಡಿದ್ದೇನೆ.

ಮಣ್ಣಿನ ಮೈದಾನಕ್ಕೆಂದೇ ಇನ್ನೊಂದು ವಿಧಾನವನ್ನು ಇದೇ ದಿನ ಕಲಿಸಬೇಕು. ಕೃತಕ ಹುಲ್ಲಿನ ಮೇಲೆ ಚೆಂಡು ಗೆರೆ ಎಳೆದಂತೆ ಬರುತ್ತದೆ, ನೆಟ್ಟಗಿನ ಸ್ಟಿಕ್ ಸಾಕಾಗುತ್ತದೆ. ನಮ್ಮ ಶಾಲೆಗಳ ನೆಲದಲ್ಲಿ ಒಂದು ಹರಳು ಸಿಕ್ಕರೂ ಚೆಂಡು ಕೊನೆಯ ಅರ್ಧ ಮೀಟರ್‌ನಲ್ಲಿ ದಾರಿ ಬಿಡುತ್ತದೆ, ಅಷ್ಟರಲ್ಲಿ ಸ್ಟಿಕ್ ಸರಿಸಲು ಸಮಯವಿರುವುದಿಲ್ಲ. ಅದಕ್ಕಾಗಿ ಎಡಗೈಯನ್ನು ನೆಲದ ಹತ್ತಿರಕ್ಕೆ ಇಳಿಸಿ, ಸ್ಟಿಕ್ಕನ್ನು ಬಹುತೇಕ ಅಡ್ಡ ಮಲಗಿಸಿ, ಬಾಗಿಲಿಗೆ ಹಾಕಿದ ಅಗಳಿಯಂತೆ ಚೆಂಡಿನ ದಾರಿಗೆ ಅಡ್ಡ ಹಿಡಿಯಬೇಕು. ಆಗ ಒಂದು ಅಂಗೈಯಗಲದ ಬದಲು ಎರಡು ಮೂರು ಅಡಿಯಷ್ಟು ಅಗಲದ ತಡೆ ಸಿಗುತ್ತದೆ. ಇದರ ಮಿತಿಯೆಂದರೆ, ಅಡ್ಡ ಮಲಗಿಸಿದ ಸ್ಟಿಕ್‌ನಿಂದ ಮುಂದಿನ ಪಾಸ್‌ಗೆ ಏಳಲು ಒಂದು ಕ್ಷಣ ಹೆಚ್ಚು ಬೇಕು. ಹೊಸಬರು ಎರಡನ್ನೂ ಪ್ರಯತ್ನಿಸಿ ಯಾವುದು ಹೆಚ್ಚು ನಿಲ್ಲುತ್ತದೋ ಅದನ್ನೇ ಇಟ್ಟುಕೊಳ್ಳಲಿ. ಬಲ್ಲವರಿಗೆ ಎಡಬದಿಗೆ ಬರುವ ಚೆಂಡನ್ನು ಸ್ಟಿಕ್ ತಿರುಗಿಸಿ, ತುದಿ ಕೆಳಮುಖವಾಗಿಸಿ ನಿಲ್ಲಿಸುವ ಕೆಲಸ ಕೊಡಿ. ಅಲ್ಲಿ ತಾಗಲು ಸಿಗುವ ಜಾಗ ಬಹಳ ಕಿರಿದು, ಅವರ ಗರ್ವಕ್ಕೆ ತಕ್ಕ ಕೆಲಸ.

ಮೂರನೇ ಪೀರಿಯಡ್‌ನಲ್ಲಿ ಪುಶ್. ಇದನ್ನು ಹೊಡೆತದ ಚಿಕ್ಕ ರೂಪವೆಂದು ಮಕ್ಕಳು ತಿಳಿದುಕೊಳ್ಳುವುದರಿಂದಲೇ ಹೆಚ್ಚಿನ ತಪ್ಪುಗಳು ಹುಟ್ಟುತ್ತವೆ. ಪುಶ್‌ನಲ್ಲಿ ಸ್ಟಿಕ್ ಹಿಂದಕ್ಕೆ ಹೋಗುವುದೇ ಇಲ್ಲ. ಎಡಭುಜ ಗುರಿಯ ಕಡೆಗೆ, ಕಾಲುಗಳು ಭುಜಕ್ಕಿಂತ ತುಸು ಅಗಲಕ್ಕೆ, ಚೆಂಡು ಎರಡೂ ಪಾದಗಳ ನಡುವಿನ ನೇರಕ್ಕೆ ಬಲಪಾದದ ಹತ್ತಿರ, ಸ್ಟಿಕ್ ಮೊದಲೇ ಚೆಂಡಿಗೆ ತಾಗಿಕೊಂಡು ಇರುತ್ತದೆ. ಮೈಭಾರ ಬಲಗಾಲಿನಿಂದ ಎಡಗಾಲಿಗೆ ಸಾಗುತ್ತಿದ್ದಂತೆ ಬಲಗೈ ಮುಂದಕ್ಕೆ ತಳ್ಳುತ್ತದೆ, ಮೇಲಿರುವ ಎಡಗೈ ತುಸು ಹಿಂದಕ್ಕೆ ಎಳೆಯುತ್ತದೆ, ಚೆಂಡು ಎಡಪಾದದ ನೇರಕ್ಕೆ ಬಂದಾಗ ಬಿಡುಗಡೆಯಾಗುತ್ತದೆ, ಸ್ಟಿಕ್‌ನ ತಲೆ ಗುರಿಯ ಕಡೆಗೆ ತೋರಿಸುತ್ತ ಮೊಣಕಾಲಿಗಿಂತ ಕೆಳಗೇ ನಿಲ್ಲುತ್ತದೆ. ಸರಿಯಾದ ಪುಶ್‌ಗೆ ಸದ್ದಿಲ್ಲ. ‘ಟಕ್’ ಎಂದು ಕೇಳಿದರೆ ಸ್ಟಿಕ್ ಚೆಂಡನ್ನು ಬಿಟ್ಟು ಹಿಂದೆ ಹೋಗಿ ಬಂದು ಹೊಡೆದಿದೆ ಎಂದೇ ಅರ್ಥ. ಶಿಕ್ಷಕರು ಒಂದು ನಿಮಿಷ ಕಣ್ಣು ಮುಚ್ಚಿ ನಿಂತರೂ ಎಷ್ಟು ಜೋಡಿಗಳು ತಪ್ಪುತ್ತಿವೆ ಎಂದು ತಿಳಿಯುತ್ತದೆ, ಕಣ್ಣು ಮುಚ್ಚಿ ನಿಲ್ಲುವಷ್ಟು ಧೈರ್ಯವಿದ್ದರೆ.

ಪುಶ್‌ನಲ್ಲಿಯೂ ಚೆಂಡಿನ ದಿಕ್ಕು ತಪ್ಪನ್ನು ತೋರಿಸುತ್ತದೆ. ಸ್ಟಿಕ್ ಬಲದಿಂದ ಎಡಕ್ಕೆ ಕಮಾನಿನಂತೆ ಸಾಗುವುದರಿಂದ ಬೇಗ ಬಿಟ್ಟ ಚೆಂಡು ಗುರಿಯ ಬಲಕ್ಕೂ ತಡವಾಗಿ ಬಿಟ್ಟದ್ದು ಎಡಕ್ಕೂ ಹೋಗುತ್ತದೆ. ಹೊಸಬರಲ್ಲಿ ಎಡಕ್ಕೆ ಹೋಗುವುದೇ ಹೆಚ್ಚು, ಏಕೆಂದರೆ ಅವರು ಗುರಿಗೆ ಎದುರು ಮುಖವಾಗಿ ನಿಂತು ಕೈಯನ್ನು ಮೈಗೆ ಅಡ್ಡವಾಗಿ ಎಳೆಯುತ್ತಾರೆ. ನೆಲದ ಮೇಲೆ ಒಂದು ಗೆರೆ ಎಳೆದು, ಎರಡೂ ಪಾದಗಳ ತುದಿ ಅದಕ್ಕೆ ತಾಗುವಂತೆ ನಿಲ್ಲಿಸಿ, ಗೆರೆಗೆ ಸಮನಾಗಿಯೇ ಚೆಂಡು ಹೋಗಬೇಕು ಎಂದರೆ ಭುಜ ತಾನಾಗಿ ತಿರುಗುತ್ತದೆ. ಸ್ಟಿಕ್‌ಗಳು ಹದಿನೆಂಟೇ ಇರುವುದರಿಂದ ಇಲ್ಲಿ ನಾಲ್ವರ ಒಂಬತ್ತು ಗುಂಪು ಮಾಡಬೇಕು. ಇಬ್ಬರು ಆಡುತ್ತಾರೆ, ಇನ್ನಿಬ್ಬರು ಅವರ ಹಿಂದೆ ದೂರದಲ್ಲಿ ನಿಂತು ತಪ್ಪಿದ ಚೆಂಡನ್ನು ಕೈಯಿಂದ ಹಿಂದಿರುಗಿಸುತ್ತ ಮೇಲಿನ ಗುರುತುಗಳನ್ನು ಗಮನಿಸುತ್ತಾರೆ, ಮೂರು ನಿಮಿಷಕ್ಕೊಮ್ಮೆ ಬದಲಾಗುತ್ತಾರೆ. ಎಲ್ಲ ಗುಂಪುಗಳೂ ಒಂದೇ ದಿಕ್ಕಿನಲ್ಲಿ, ಒಂದಕ್ಕೊಂದು ಸಮಾನಾಂತರವಾಗಿ ಪಾಸ್ ಮಾಡಬೇಕು; ಪಕ್ಕದವರ ದಾರಿಗೆ ಹೋದ ಚೆಂಡನ್ನು ಸೀಟಿ ಊದುವವರೆಗೆ ಯಾರೂ ಬೆನ್ನಟ್ಟಬಾರದು.

ಮಟ್ಟದ ವ್ಯತ್ಯಾಸವನ್ನು ಈ ಹಂತದಲ್ಲಿ ನಿಭಾಯಿಸುವುದು ಒಂದು ಚಿಕ್ಕ ನಿಯಮ. ಎಲ್ಲರೂ ನಾಲ್ಕು ಮೀಟರ್‌ನಿಂದ ಆರಂಭಿಸುತ್ತಾರೆ. ಚೆಂಡು ಸದ್ದಿಲ್ಲದೆ ಹೊರಟು, ಎದುರಿನವರ ಒಂದು ಸ್ಟಿಕ್ ಅಳತೆಯೊಳಗೆ ನಿಂತರೆ ಅದು ಒಂದು ಎಣಿಕೆ. ಸತತ ಐದು ಎಣಿಕೆ ಆದರೆ ಇಬ್ಬರೂ ಒಂದೊಂದು ಹೆಜ್ಜೆ ಹಿಂದಕ್ಕೆ, ಸತತ ಎರಡು ತಪ್ಪಿದರೆ ಒಂದೊಂದು ಹೆಜ್ಜೆ ಮುಂದಕ್ಕೆ. ಹತ್ತು ನಿಮಿಷ ಕಳೆಯುವಷ್ಟರಲ್ಲಿ ಒಂದು ಜೋಡಿ ಹತ್ತು ಮೀಟರ್‌ನಲ್ಲಿಯೂ ಇನ್ನೊಂದು ನಾಲ್ಕರಲ್ಲಿಯೂ ಇರುತ್ತದೆ, ದೂರವನ್ನು ಅವರವರೇ ಗಳಿಸಿಕೊಂಡಿರುತ್ತಾರೆ. ಆರಂಭದಲ್ಲಿ ಬಲ್ಲವರೊಂದಿಗೆ ಬಾರದವರನ್ನು ಜೋಡಿ ಮಾಡುವುದು ಸರಿಯಲ್ಲವೆಂದು ನನ್ನ ಅನುಭವ. ಬಲ್ಲ ಹುಡುಗನ ಚೆಂಡು ವೇಗವಾಗಿ ಬರುತ್ತದೆ, ಎದುರಿನ ಮಗು ಕಾಲೆತ್ತಿ ಹಾರುತ್ತದೆ, ಹಾರುವ ಅಭ್ಯಾಸವೇ ಗಟ್ಟಿಯಾಗುತ್ತದೆ. ಮೊದಲ ಸುತ್ತಿನಲ್ಲಿ ಸಮಾನರು ಜೊತೆಯಾಗಲಿ, ಕೊನೆಯ ಎಂಟು ನಿಮಿಷದಲ್ಲಿ ಬೆರೆಸಬಹುದು. ಬೆರೆಸಿದಾಗಲೂ ಎಣಿಕೆ ಇಬ್ಬರದೂ ಸೇರಿದ್ದೇ ಆಗಿರುವುದರಿಂದ, ಎದುರಿನವರಿಂದ ನಿಲ್ಲಿಸಲಾಗದ ಪಾಸ್ ಕಳುಹಿಸಿದರೆ ಬಲ್ಲವನೂ ಮುಂದಕ್ಕೆ ಹೆಜ್ಜೆ ಹಾಕಬೇಕಾಗುತ್ತದೆ.

ನಾಲ್ಕು ಮತ್ತು ಐದನೇ ಪೀರಿಯಡ್‌ಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ನಾಲ್ಕನೆಯದರಲ್ಲಿ ಮೂರೂ ಕೌಶಲಗಳನ್ನು ಒಂದೇ ಸರಪಳಿಗೆ ಪೋಣಿಸಬೇಕು: ಬಂದ ಚೆಂಡನ್ನು ನಿಲ್ಲಿಸಿ, ಐದು ಮೀಟರ್ ಡ್ರಿಬಲ್ ಮಾಡಿ, ಸ್ವಲ್ಪ ಮರಳು ತುಂಬಿದ ಎರಡು ಪ್ಲಾಸ್ಟಿಕ್ ಬಾಟಲಿಗಳ ನಡುವಿನಿಂದ ಜೊತೆಗಾರರಿಗೆ ಪುಶ್ ಮಾಡುವುದು. ಬಾಟಲಿಗಳ ಅಂತರವನ್ನು ಎರಡು ಮೀಟರ್, ಒಂದು ಮೀಟರ್, ಅರ್ಧ ಮೀಟರ್ ಎಂದು ಇಟ್ಟು ಮಕ್ಕಳೇ ಆಯ್ದುಕೊಳ್ಳಲಿ. ಇಲ್ಲಿ ಕಾಣುವ ಹೊಸ ತೊಡಕೆಂದರೆ ಚೆಂಡನ್ನು ತೀರ ಕಾಲ ಬುಡದಲ್ಲಿ ನಿಲ್ಲಿಸಿಬಿಡುವುದು. ನಿಂತಿತು ನಿಜ, ಆದರೆ ಮುಂದೆ ತಳ್ಳಲು ಜಾಗವಿಲ್ಲ. ಒಂದು ಹೆಜ್ಜೆ ಮುಂದೆಯೇ ನಿಲ್ಲಿಸಬೇಕೆಂಬುದು ಎರಡನೇ ಪೀರಿಯಡ್‌ನಲ್ಲಿ ಎಷ್ಟು ಹೇಳಿದರೂ ಹತ್ತದೆ, ಇಲ್ಲಿ ಒಮ್ಮೆ ಎಡವಿದಾಗ ಹತ್ತುತ್ತದೆ. ಐದನೆಯದರಲ್ಲಿ ಅದೇ ಸರಪಳಿಯನ್ನು ನಡೆಯುತ್ತಿರುವ ಜೊತೆಗಾರರಿಗೆ ಪಾಸ್ ಮಾಡುವಂತೆ ಬದಲಿಸಿದರೆ ಸಾಕು.

ಆರನೇ ಪೀರಿಯಡ್ ಆಟಕ್ಕೆ. ಹದಿನೆಂಟು ಸ್ಟಿಕ್‌ಗಳಿಗೆ ಇಪ್ಪತ್ತು ಮೀಟರ್ ಉದ್ದ, ಹನ್ನೆರಡು ಮೀಟರ್ ಅಗಲದ ಮೂರು ಅಂಕಣಗಳು ಬೇಕು, ಪ್ರತಿಯೊಂದರಲ್ಲಿ ನಾಲ್ವರು ಇಬ್ಬರ ವಿರುದ್ಧ ಆಡುತ್ತಾರೆ. ಗೋಲ್ ಇರುವುದಿಲ್ಲ. ಪುಶ್ ಆದ ಚೆಂಡನ್ನು ಜೊತೆಗಾರರು ಪೂರ್ತಿ ನಿಲ್ಲಿಸಿದರೆ ಒಂದು ಅಂಕ, ಹೊಡೆದರೆ ಚೆಂಡು ಎದುರಾಳಿಗೆ. ಬಲ್ಲ ಮಕ್ಕಳು ಇಬ್ಬರಿರುವ ಕಡೆ ನಿಂತರೆ ಅವರಿಗೂ ಬೆವರು ಹರಿಯುತ್ತದೆ, ನಾಲ್ವರಿರುವ ಕಡೆ ಹೊಸಬರಿಗೆ ಚೆಂಡು ನೋಡಿ ತಲೆ ಎತ್ತಲು ಒಂದು ಕ್ಷಣ ಹೆಚ್ಚು ಸಿಗುತ್ತದೆ. ಹೊರಗಿರುವ ಹದಿನೆಂಟು ಮಂದಿಯಲ್ಲಿ ಪ್ರತಿಯೊಬ್ಬರೂ ಒಬ್ಬ ಆಟಗಾರರನ್ನು ಮಾತ್ರ ನೋಡುತ್ತ, ಅವರ ಕಡೆ ಬಂದ ಪಾಸ್‌ಗಳೆಷ್ಟು, ನಿಂತವೆಷ್ಟು ಎಂದು ಕಾಗದದಲ್ಲಿ ಗೆರೆ ಹಾಕುತ್ತಾರೆ, ನಾಲ್ಕು ನಿಮಿಷಕ್ಕೊಮ್ಮೆ ಒಳಗಿನವರೊಂದಿಗೆ ಬದಲಾಗುತ್ತಾರೆ.

ಆ ಕಾಗದವನ್ನು ಓದುವಾಗ ಒಂದು ಎಚ್ಚರ ಬೇಕು. ಮೊದಲ ಪೀರಿಯಡ್‌ನಲ್ಲಿ ಸ್ಟಿಕ್ ಮುಟ್ಟಿದ ಹುಡುಗಿಗೆ ಆರು ಪಾಸ್ ಬಂದು ನಾಲ್ಕು ನಿಂತಿದ್ದರೆ, ಆರು ವರ್ಷ ಆಡಿದ ಹುಡುಗನಿಗೆ ಹದಿನಾಲ್ಕು ಬಂದು ಒಂಬತ್ತು ನಿಂತಿದ್ದರೆ, ನಿಲ್ಲಿಸುವುದರಲ್ಲಿ ಇಬ್ಬರೂ ಹೆಚ್ಚುಕಡಿಮೆ ಸಮ. ವ್ಯತ್ಯಾಸವಿರುವುದು ಚೆಂಡು ಸಿಗುವ ಜಾಗಕ್ಕೆ ಸರಿಯುವುದರಲ್ಲಿ, ಅದು ಈ ಆರು ಪೀರಿಯಡ್‌ಗಳಲ್ಲಿ ಕಲಿಸಿದ ವಿಷಯವಲ್ಲ. ಬಂದದ್ದರಲ್ಲಿ ಅರ್ಧಕ್ಕಿಂತ ಕಡಿಮೆ ನಿಲ್ಲಿಸಿದ ಮಕ್ಕಳು ಮಾತ್ರ ಏಳನೇ ಪೀರಿಯಡ್‌ನ ಮೊದಲ ಹತ್ತು ನಿಮಿಷ ಮತ್ತೆ ನಾಲ್ಕು ಮೀಟರ್‌ಗೆ ಬಂದು, ಕೈಯಿಂದ ಉರುಳಿಸಿದ ಚೆಂಡಿನಿಂದ ಆರಂಭಿಸಬೇಕು. ಉರುಳಿಸುವ ಕೆಲಸಕ್ಕೆ ಆ ಹುಡುಗನನ್ನೇ ನಿಲ್ಲಿಸಬಹುದು, ಹಿಡಿ ಯಾವ ಕಡೆ ವಾಲುತ್ತಿದೆ ಎಂದು ನೋಡಲು ಈಗ ಅವನಿಗೆ ಬರುತ್ತದೆ.